ಸಾಲಿಗೆ ಎಂಟಾಣೆ: ಅನಂತ ಬೆಲೆಯ ಆಟಕ್ಕೆ ಹತ್ತು ರೂಪಾಯಿ ಯಾಕೆ ಜಾಸ್ತಿ

ಆಟ ಇಷ್ಟೇ. ಒಬ್ಬ ನಾಣ್ಯ ಚಿಮ್ಮುತ್ತಾನೆ. ಮೊದಲ ಸಲವೇ ಹೆಡ್ ಬಿದ್ದರೆ ನಿಮ್ಮ ಕೈಗೆ 1 ರೂಪಾಯಿ ಕೊಟ್ಟು ಆಟ ಮುಗಿಸುತ್ತಾನೆ. ಟೇಲ್ ಬಿದ್ದರೆ ಮತ್ತೆ ಚಿಮ್ಮುತ್ತಾನೆ. ಎರಡನೇ ಸಲ ಹೆಡ್ ಬಂದರೆ 2 ರೂಪಾಯಿ, ಮೂರನೇ ಸಲ ಬಂದರೆ 4, ನಾಲ್ಕನೇ ಸಲ ಬಂದರೆ 8, ಹೀಗೆ ಹೆಡ್ ತಡವಾದಷ್ಟೂ ದುಡ್ಡು ದುಪ್ಪಟ್ಟಾಗುತ್ತಾ ಹೋಗುತ್ತದೆ. ನೀವು ಕಳೆದುಕೊಳ್ಳುವುದು ಆಟಕ್ಕೆ ಸೇರಲು ಕೊಟ್ಟ ಫೀಸು ಮಾತ್ರ. ಹಾಗಾದರೆ ಫೀಸು ಎಷ್ಟು ಕೊಡುತ್ತೀರಿ?

ಯಾರನ್ನೇ ಕೇಳಿ, ಐದು ರೂಪಾಯಿ, ಹತ್ತು ರೂಪಾಯಿ, ತುಂಬಾ ಧೈರ್ಯ ಇದ್ದವನು ಇಪ್ಪತ್ತು ಅನ್ನುತ್ತಾನೆ. ಆದರೆ ಪಿಯುಸಿಯಲ್ಲಿ ಕಲಿತ ನಿರೀಕ್ಷಿತ ಮೌಲ್ಯದ ಲೆಕ್ಕ ಬೇರೆಯೇ ಹೇಳುತ್ತದೆ. ಮೊದಲ ಸಲವೇ ಹೆಡ್ ಬೀಳುವ ಸಂಭವ ಅರ್ಧ, ಸಿಗುವುದು 1 ರೂಪಾಯಿ, ಗುಣಿಸಿದರೆ ಎಂಟಾಣೆ. ಎರಡನೇ ಸಲ ಬೀಳುವ ಸಂಭವ ಕಾಲು, ಸಿಗುವುದು 2, ಗುಣಿಸಿದರೆ ಮತ್ತೆ ಎಂಟಾಣೆ. ಮೂರನೆಯದಕ್ಕೆ 8ರಲ್ಲಿ 1, ಸಿಗುವುದು 4, ಅದೂ ಎಂಟಾಣೆ. ದುಡ್ಡು ಎಷ್ಟು ಪಟ್ಟು ಏರುತ್ತದೋ ಸಂಭವ ಅಷ್ಟೇ ಪಟ್ಟು ಇಳಿಯುತ್ತದೆ, ಹಾಗಾಗಿ ಪ್ರತಿ ಸಾಲಿಗೂ ಎಂಟಾಣೆ. ಸಾಲುಗಳಿಗೆ ಕೊನೆಯೇ ಇಲ್ಲ. ಎಂಟಾಣೆಯನ್ನು ಕೊನೆಯಿಲ್ಲದಷ್ಟು ಸಲ ಕೂಡಿಸಿದರೆ ಅನಂತ. ಅಂದರೆ ಲೆಕ್ಕದ ಪ್ರಕಾರ ಮನೆ ಮಾರಿಯಾದರೂ ಈ ಆಟ ಆಡಬೇಕು!

ನಾನು ಇದನ್ನು ಮೊದಲು ಕೇಳಿದಾಗ ಇದು ಮನುಷ್ಯರ ಮನಸ್ಸಿನ ಸಮಸ್ಯೆ, ಜನರಿಗೆ ಹೆದರಿಕೆ ಜಾಸ್ತಿ, ಲೆಕ್ಕ ಮಾತ್ರ ಸರಿ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಸುಮ್ನೆ ಕೂತು ಸಾಲು ಸಾಲಾಗಿ ಬರೆದು ನೋಡಿದೆ. ಹತ್ತನೇ ಸಾಲಿನವರೆಗೆ ಎಲ್ಲಾ ಸರಿಯಾಗಿತ್ತು. ಮೂವತ್ತನೇ ಸಾಲಿಗೆ ಬಂದಾಗ ಬಹುಮಾನದ ಕಾಲಂನಲ್ಲಿ 53,68,70,912 ಅಂತ ಬಂತು. ಐವತ್ತಮೂರು ಕೋಟಿ ರೂಪಾಯಿ. ಅದನ್ನು ಕೊಡುವವರು ಯಾರು ಅನ್ನುವ ಪ್ರಶ್ನೆ ಆಗಲೇ ಹೊಳೆದದ್ದು, ಹತ್ತು ರೂಪಾಯಿಯ ಗುಟ್ಟು ಇರುವುದೂ ಅಲ್ಲೇ.

ಪ್ರಶ್ನೆ ಹಳೆಯದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ನಿಕೋಲಸ್ ಬರ್ನೂಲಿ 1713ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಮೋನ್‌ಮೋರ್ ಎಂಬ ಗಣಿತಜ್ಞನಿಗೆ ಬರೆದ ಪತ್ರದಲ್ಲಿ ಇದನ್ನು ಕೇಳಿದ್ದ. ಆಗ ಅದು ದಾಳದ ಆಟವಾಗಿತ್ತು. ಅದನ್ನು ನಾಣ್ಯಕ್ಕೆ ಇಳಿಸಿ ಸುಲಭ ಮಾಡಿದವನು ಜಿನೀವಾದ ಗೇಬ್ರಿಯಲ್ ಕ್ರಾಮರ್, ಸಮೀಕರಣ ಬಿಡಿಸುವ ಕ್ರಾಮರ್ ನಿಯಮ ಓದಿದ್ದೀರಲ್ವಾ, ಅವನೇ. 1728ರ ಮೇ ತಿಂಗಳಲ್ಲಿ ಲಂಡನ್ನಿನಿಂದ ನಿಕೋಲಸ್‌ಗೆ ಪತ್ರ ಬರೆದ, ಆಗ ಅವನಿಗೆ ಇನ್ನೂ 23 ವರ್ಷ. ಹತ್ತು ವರ್ಷದ ನಂತರ, 1738ರಲ್ಲಿ, ನಿಕೋಲಸ್‌ನ ಚಿಕ್ಕಪ್ಪನ ಮಗ ಡೇನಿಯಲ್ ಬರ್ನೂಲಿ ಇದೇ ಆಟದ ಬಗ್ಗೆ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯ ಸಂಪುಟದಲ್ಲಿ ಪ್ರಬಂಧ ಪ್ರಕಟಿಸಿದ, ಅದರ ಕೊನೆಗೆ ಕ್ರಾಮರ್‌ನ ಪತ್ರವನ್ನೂ ಸೇರಿಸಿದ. ಹಾಗಾಗಿಯೇ ಈ ಆಟಕ್ಕೆ ಆ ಊರಿನ ಹೆಸರು ಅಂಟಿಕೊಂಡಿತು. ಡೇನಿಯಲ್‌ನ ಉತ್ತರವೇ ಜಾಸ್ತಿ ಪ್ರಸಿದ್ಧ: ದುಡ್ಡು ಹೆಚ್ಚಿದಂತೆ ಮುಂದಿನ ಒಂದೊಂದು ರೂಪಾಯಿಯ ಖುಷಿ ಕಡಿಮೆಯಾಗುತ್ತದೆ ಅನ್ನುವುದು. ಅದನ್ನು ನಾನು ಇಲ್ಲಿ ಬಿಡುತ್ತೇನೆ. ನನಗೆ ಇಷ್ಟ ಆಗುವುದು ಕ್ರಾಮರ್ ಅದೇ ಪತ್ರದಲ್ಲಿ ಮಾಡಿದ ಒರಟು ಕೆಲಸ: ಅವನು ಸಾಲಿನ ಬಾಲವನ್ನು ಕತ್ತರಿಸಿಬಿಟ್ಟ.

ಕತ್ತರಿಸುವುದು ಅಂದರೆ ಏನು? ಕ್ರಾಮರ್ ಹೇಳಿದ್ದು ಇಷ್ಟು. 2^24, ಅಂದರೆ 1,67,77,216 ನಾಣ್ಯಕ್ಕಿಂತ ಮೇಲೆ ಎಷ್ಟೇ ಬಂದರೂ ನನಗೆ ಅದು 1,67,77,216ಕ್ಕೆ ಸಮ ಅಂದುಕೊಳ್ಳೋಣ. ಈಗ ಎಣಿಸಿ. ಮೊದಲ 24 ಸಾಲು ಹಾಗೇ ಇವೆ, ಸಾಲಿಗೆ ಎಂಟಾಣೆಯಂತೆ 12. ಇಪ್ಪತ್ತೈದನೇ ಸಾಲಿನಿಂದ ಮುಂದಕ್ಕೆ ಬಹುಮಾನ ಏರುವುದಿಲ್ಲ, 2^24ರಲ್ಲೇ ನಿಂತಿದೆ. ಅಲ್ಲಿಗೆ ತಲುಪಬೇಕಾದರೆ ಮೊದಲ 24 ಸಲವೂ ಟೇಲ್ ಬೀಳಬೇಕು, ಅದರ ಸಂಭವ 2^24ರಲ್ಲಿ 1. ಬಹುಮಾನ 2^24, ಸಂಭವ 2^24ರಲ್ಲಿ ಒಂದು, ಗುಣಿಸಿದರೆ ಸರಿಯಾಗಿ 1. ಒಟ್ಟು 12 ಮತ್ತು 1, 13.

ಈ ಲೆಕ್ಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಆ 1. ಕೊನೆಯಿಲ್ಲದ ಸಾಲುಗಳು, ಅನಂತವನ್ನೇ ಹುಟ್ಟಿಸಿದ ಆ ಇಡೀ ಬಾಲ, ಮಿತಿ ಹಾಕಿದ ಕೂಡಲೇ ಬರೀ ಒಂದು ನಾಣ್ಯಕ್ಕೆ ಕುಗ್ಗಿತು. ಅಂದರೆ ಅನಂತ ಇದ್ದದ್ದು ಪೂರ್ತಿ ಬಾಲದಲ್ಲೇ, ತಲೆಯಲ್ಲಿ 12 ಮಾತ್ರ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕ್ರಾಮರ್ ಮಿತಿ ಹಾಕಿದ್ದು ಆಡುವವನ ಆಸೆಯ ಮೇಲೆ: ಒಂದು ಹಂತ ದಾಟಿದರೆ ಇನ್ನೂ ದುಡ್ಡು ಬಂದರೂ ಅವನಿಗೆ ಉಪಯೋಗ ಇಲ್ಲ ಅಂತ. ಇದಕ್ಕೆ ತಕರಾರು ತೆಗೆಯಬಹುದು, ನನಗೆ ಎರಡು ಕೋಟಿ ಸಾಲದು ಅನ್ನುವವನು ಇದ್ದೇ ಇರುತ್ತಾನೆ, ಕ್ರಾಮರ್‌ಗೂ ಅದು ಗೊತ್ತಿತ್ತು. ಆದರೆ ಅದೇ ಮಿತಿಯನ್ನು ಆಟ ಇಟ್ಟವನ ಜೇಬಿನ ಮೇಲೆ ಹಾಕಿದರೆ ತಕರಾರೇ ಇಲ್ಲ. ಅವನ ಹತ್ತಿರ ಇಲ್ಲದ ದುಡ್ಡನ್ನು ಅವನು ಕೊಡಲಾರ. 19ನೇ ಶತಮಾನದಲ್ಲಿ ಫ್ರಾನ್ಸಿನ ಪಾಯ್ಸನ್ ಈ ದಾರಿ ಹಿಡಿದ. ಗುಣಾಕಾರ ಅದೇ, ಕಾರಣ ಮಾತ್ರ ಬೇರೆ. ಜೇಬಿನ ಕಾರಣ ನನಗೆ ಜಾಸ್ತಿ ಹಿಡಿಸುತ್ತದೆ, ಯಾಕೆಂದರೆ ಅದು ಯಾರ ಮನಸ್ಸನ್ನೂ ಊಹಿಸುವುದಿಲ್ಲ.

ಈಗ ನಮ್ಮ ರೂಪಾಯಿಯಲ್ಲಿ ಒಂದು ಲೆಕ್ಕ ಪೂರ್ತಿ ಮಾಡೋಣ. ಆಟ ಇಟ್ಟವನ ಹತ್ತಿರ ಸರಿಯಾಗಿ 1 ಲಕ್ಷ ಇದೆ, ಅವನು ಮೋಸಗಾರ ಅಲ್ಲ, ಗೆದ್ದರೆ ಇರುವ ಅಷ್ಟನ್ನೂ ಕೊಡುತ್ತಾನೆ. ಹದಿನೇಳನೇ ಟಾಸ್‌ನಲ್ಲಿ ಹೆಡ್ ಬಿದ್ದರೆ ಬಹುಮಾನ 65,536, ಇದನ್ನು ಕೊಡಬಲ್ಲ. ಹದಿನೆಂಟನೆಯದರಲ್ಲಿ ಬಿದ್ದರೆ 1,31,072 ಕೊಡಬೇಕು, ಇಲ್ಲಿ ಅವನು ಕೈ ಎತ್ತುತ್ತಾನೆ, 1 ಲಕ್ಷ ಮಾತ್ರ ಕೊಡುತ್ತಾನೆ. ಹಾಗಾಗಿ ಪೂರಾ ಎಂಟಾಣೆ ತೂಗುವ ಸಾಲುಗಳು 17, ಒಟ್ಟು 8 ರೂಪಾಯಿ 50 ಪೈಸೆ. ಮೊದಲ ಹದಿನೇಳೂ ಟೇಲ್ ಆಗುವ ಸಂಭವ 1,31,072ರಲ್ಲಿ 1, ಅದಕ್ಕೆ 1 ಲಕ್ಷ ಗುಣಿಸಿದರೆ ಸುಮಾರು 76 ಪೈಸೆ. ಇಡೀ ಆಟದ ನಿಜವಾದ ಬೆಲೆ 9 ರೂಪಾಯಿ 26 ಪೈಸೆ.

ಜೇಬು ಬದಲಾಯಿಸಿ ನೋಡಬೇಕು ಅನ್ನುವವರಿಗೆ ಪೈಥಾನ್‌ನಲ್ಲಿ ಇಷ್ಟು ಸಾಕು:

```python
def bele(hana):
    k, ottu = 0, 0.0
    while 2**k <= hana:
        ottu += 0.5
        k += 1
    return ottu + hana / 2**k

for h in (10**5, 10**7, 10**9, 10**12):
    print(h, round(bele(h), 2))
```

ಓಡಿಸಿದರೆ 1 ಲಕ್ಷಕ್ಕೆ 9.26, 1 ಕೋಟಿಗೆ 12.6, 100 ಕೋಟಿಗೆ 15.93, 1 ಲಕ್ಷ ಕೋಟಿಗೆ 20.91 ಬರುತ್ತದೆ. ಜೇಬು ನೂರು ಪಟ್ಟು ದೊಡ್ಡದಾದರೂ ಆಟದ ಬೆಲೆ ಏರುವುದು ಮೂರು ರೂಪಾಯಿ ಚಿಲ್ಲರೆ. ಕಾರಣ ಆಗಲೇ ಸಿಕ್ಕಿದೆ: ಜೇಬು ಎರಡು ಪಟ್ಟಾದರೆ ಸಾಲು ಒಂದು ಜಾಸ್ತಿಯಾಗುತ್ತದೆ, ಸಾಲು ಒಂದು ಜಾಸ್ತಿಯಾದರೆ ಸಿಗುವುದು ಎಂಟಾಣೆ. ಆಟ ಇಡುವವರು ಭಾರತ ಸರ್ಕಾರವೇ, ಒಂದು ವರ್ಷದ ಕೇಂದ್ರ ಬಜೆಟ್ ಪೂರ್ತಿ ಈ ನಾಣ್ಯಕ್ಕೆ ಪಣ ಅಂತಿಟ್ಟುಕೊಳ್ಳಿ. 2025-26ರ ಬಜೆಟ್ ಸುಮಾರು 50 ಲಕ್ಷ ಕೋಟಿ. ಅದಕ್ಕೆ ಬರುವ ಬೆಲೆ 23 ರೂಪಾಯಿ 71 ಪೈಸೆ. ಒಂದು ಮಸಾಲೆ ದೋಸೆಯ ದುಡ್ಡೂ ಇಲ್ಲ.

ನಾಣ್ಯ ಹಿಡಿಯದೆ ಬಾಯಲ್ಲೇ ಹತ್ತು, ಇಪ್ಪತ್ತು ಅಂದವರು ಹಾಗಾದರೆ ದಡ್ಡರೇನಲ್ಲ. ಎದುರಿಗಿರುವವನ ಜೇಬನ್ನು ಅವರು ಅಂದಾಜು ಮಾಡಿಯೇ ಇರುತ್ತಾರೆ, ಮನಸ್ಸಿನಲ್ಲಿ ಲೆಕ್ಕ ಹಾಕದೇ ಇದ್ದರೂ.

ಇಲ್ಲಿ ಒಬ್ಬ ಜಾಣ ಎದ್ದು ನಿಲ್ಲುತ್ತಾನೆ: ಜೇಬಿಗೆ ಮಿತಿಯೇ ಇಲ್ಲ ಅಂದುಕೊಳ್ಳಿ, ಆಗ? ನ್ಯಾಯವಾದ ಪ್ರಶ್ನೆ. ಜೇಬು ಅನಂತವಾದರೂ ಇನ್ನೊಂದು ಮಿತಿ ಉಳಿದಿದೆ, ಅದು ನೀವು ಎಷ್ಟು ಆಟ ಆಡಬಲ್ಲಿರಿ ಅನ್ನುವುದು. ಇದಕ್ಕೆ ಒಂದು ನಿಜವಾದ ಪ್ರಯೋಗ ಇದೆ. ಫ್ರಾನ್ಸಿನ ನಿಸರ್ಗ ವಿಜ್ಞಾನಿ ಬುಫಾನ್ ಒಂದು ಮಗುವಿನ ಕೈಯಲ್ಲಿ ನಾಣ್ಯ ಕೊಟ್ಟು ಈ ಆಟವನ್ನು 2048 ಸಲ ಆಡಿಸಿದ, ಫಲಿತಾಂಶವನ್ನು 1777ರಲ್ಲಿ ಅಚ್ಚು ಹಾಕಿಸಿದ. (ಪಾಪ ಆ ಮಗು. ಒಂದು ಆಟಕ್ಕೆ ಸರಾಸರಿ ಎರಡು ಟಾಸ್, ಅಂದರೆ ಸುಮಾರು ನಾಲ್ಕು ಸಾವಿರ ಸಲ ಚಿಮ್ಮಿರಬೇಕು.)

2048 ಆಟದಲ್ಲಿ 1061 ಮೊದಲ ಟಾಸ್‌ಗೇ ಮುಗಿದವು. 494 ಎರಡನೆಯದಕ್ಕೆ, 232 ಮೂರನೆಯದಕ್ಕೆ, 137 ನಾಲ್ಕನೆಯದಕ್ಕೆ, 56 ಐದನೆಯದಕ್ಕೆ, 29 ಆರನೆಯದಕ್ಕೆ, 25 ಏಳನೆಯದಕ್ಕೆ, 8 ಎಂಟನೆಯದಕ್ಕೆ, 6 ಒಂಬತ್ತನೆಯದಕ್ಕೆ. ಹತ್ತನೇ ಟಾಸ್‌ವರೆಗೆ ಹೋದ ಆಟ ಒಂದೂ ಇಲ್ಲ. ನಮ್ಮ ಲೆಕ್ಕದಂತೆ 1, 2, 4, 8 ಅಂತ ಕೊಟ್ಟರೆ ಒಟ್ಟು ಬಹುಮಾನ 10,057 ನಾಣ್ಯ. 2048ರಿಂದ ಭಾಗಿಸಿ: ಆಟಕ್ಕೆ 4.91. ಯಾರ ಜೇಬಿಗೂ ಮಿತಿ ಹಾಕಿಲ್ಲ, ಆದರೂ ಅನಂತದ ಬದಲು ಐದಕ್ಕಿಂತ ಕಡಿಮೆ.

ಇದು ಯಾಕೆ ಹೀಗೆ? 2048 ಆಟ ಆಡಿದರೆ ಮೊದಲ ಸಾಲಿಗೆ ಸುಮಾರು 1024 ಬೀಳುತ್ತವೆ, ಎರಡನೆಯದಕ್ಕೆ 512, ಆಮೇಲೆ 256, 128, ಹೀಗೆ ಅರ್ಧ ಅರ್ಧ ಆಗುತ್ತಾ ಹನ್ನೊಂದನೇ ಸಾಲಿಗೆ 1 ಉಳಿಯುತ್ತದೆ. ಅದರಾಚೆಗಿನ ಸಾಲುಗಳೆಲ್ಲಾ ಸೇರಿ ಇನ್ನೊಂದು ಆಟ ಸಿಗಬಹುದು, ಸಿಗದೆಯೂ ಹೋಗಬಹುದು. ಆ ಸಾಲುಗಳ ಎಂಟಾಣೆ ಕಾಗದದ ಮೇಲೆ ಇದೆ, ಆದರೆ ನಿಮ್ಮ 2048 ಆಟಗಳಲ್ಲಿ ಅದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಇಲ್ಲ. ಆದ್ದರಿಂದ ಆಟದ ಸಂಖ್ಯೆಯೇ ಬಾಲವನ್ನು ಕತ್ತರಿಸುತ್ತದೆ. ಹನ್ನೊಂದು ಸಾಲು, ಸಾಲಿಗೆ ಎಂಟಾಣೆ, ಸುಮಾರು ಐದೂವರೆ. ಬುಫಾನ್‌ಗೆ ಬಂದದ್ದು 4.91, ಹತ್ತಿರವೇ ಇದೆ.

ಬುಫಾನ್‌ನ ಅಂಕಿಯನ್ನು ಪಾಠ ಹೇಳುವವರು ಇದೇ ಪಕ್ಕಾ ಉತ್ತರ ಅನ್ನುವ ಹಾಗೆ ಹೇಳುವುದನ್ನು ಕೇಳಿದ್ದೇನೆ. ಅದು ತಪ್ಪು. 2048 ಆಟದಲ್ಲಿ ಒಂಬತ್ತನೇ ಟಾಸ್ ದಾಟುವ ಆಟ ಸರಾಸರಿ 4 ಇರಬೇಕು (2048ನ್ನು 512ರಿಂದ ಭಾಗಿಸಿ). ಆ ಮಗುವಿಗೆ ಒಂದೂ ಬರಲಿಲ್ಲ. ಹಾಗೆ ಒಂದೂ ಬಾರದಿರುವ ಸಂಭವ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಕಡಿಮೆ. ಇನ್ನೊಂದು ಕಡೆ ಏಳನೇ ಸಾಲಿಗೆ 16 ಬೀಳಬೇಕಾದಲ್ಲಿ 25 ಬಿದ್ದವು, ಒಂಬತ್ತನೆಯದಕ್ಕೆ 4ರ ಬದಲು 6. ಕಡಿಮೆಯಾದದ್ದನ್ನು ಇವು ಸ್ವಲ್ಪ ತುಂಬಿಕೊಟ್ಟವು. ಒಂದೇ ಒಂದು ಆಟ ಹನ್ನೆರಡನೇ ಟಾಸ್‌ವರೆಗೆ ಎಳೆದಿದ್ದರೆ ಅದಕ್ಕೆ 2048 ನಾಣ್ಯ ಕೊಡಬೇಕಿತ್ತು, ಸರಾಸರಿ ಒಂದೇ ಏಟಿಗೆ 1 ಏರುತ್ತಿತ್ತು. ಎರಡು ಸಾವಿರ ಆಟದ ಸರಾಸರಿಯನ್ನು ಒಂದು ಆಟ ಇಷ್ಟು ಅಲ್ಲಾಡಿಸುತ್ತದೆ ಅಂದರೆ ಆ ಸರಾಸರಿಯ ಎರಡನೇ ದಶಮಾಂಶವನ್ನು ನಂಬಿ ಯಾರೂ ಜಗಳ ಆಡಬಾರದು. ಅನಂತ ನಿರೀಕ್ಷೆಯ ಆಟವನ್ನು ಗುರುತು ಹಿಡಿಯುವುದೂ ಹೀಗೇ: ಆಟ ಹೆಚ್ಚಿದಂತೆ ಸರಾಸರಿ ಒಂದು ಕಡೆ ನಿಲ್ಲುವುದಿಲ್ಲ. ತುಂಬಾ ಹೊತ್ತು ಮೆಲ್ಲಗೆ ಇಳಿಯುತ್ತಿರುತ್ತದೆ, ಆಮೇಲೆ ಎಲ್ಲಿಂದಲೋ ಒಂದು ದೊಡ್ಡ ಆಟ ಬಂದು ಮೇಲಕ್ಕೆ ಎಸೆಯುತ್ತದೆ, ಮತ್ತೆ ಇಳಿಯಲು ಶುರು.

ಆಟದ ಸಂಖ್ಯೆ ಎರಡು ಪಟ್ಟಾದರೂ ಎಂಟಾಣೆಯೇ ಏರುವುದು. ಸರಾಸರಿ 20 ರೂಪಾಯಿ ಮುಟ್ಟಬೇಕು ಅಂದರೆ ಸುಮಾರು 40 ಸಾಲು ಕಾಣಿಸಿಕೊಳ್ಳಬೇಕು, ಅದಕ್ಕೆ 2^40 ಆಟ ಬೇಕು. ಅದು ಒಂದು ಲಕ್ಷ ಕೋಟಿಗೂ ಜಾಸ್ತಿ. ಸೆಕೆಂಡಿಗೊಂದು ಆಟದಂತೆ ಊಟ ನಿದ್ದೆ ಬಿಟ್ಟು ಆಡಿದರೂ ಸುಮಾರು 35 ಸಾವಿರ ವರ್ಷ. ಜೇಬು ಅನಂತವಾಗಿರಲಿ, ಆಡುವವನ ಆಯಸ್ಸು ಅಷ್ಟಿಲ್ಲವಲ್ಲ.

ಬುಫಾನ್ ಇನ್ನೊಂದು ರೀತಿಯಲ್ಲೂ ಬಾಲ ಕತ್ತರಿಸಲು ನೋಡಿದ. 10,000ದಲ್ಲಿ ಒಂದಕ್ಕಿಂತ ಕಡಿಮೆ ಸಂಭವ ಇರುವುದನ್ನು ಇಲ್ಲವೇ ಇಲ್ಲ ಅಂತ ಲೆಕ್ಕಕ್ಕೆ ಹಿಡಿಯೋಣ ಅಂದ. ಈ ಸಂಖ್ಯೆ ಎಲ್ಲಿಂದ ಬಂತು ಅಂದರೆ, 56 ವರ್ಷದ ಮನುಷ್ಯ ಮುಂದಿನ 24 ಗಂಟೆಯೊಳಗೆ ಸಾಯುವ ಸಂಭವ ಹೆಚ್ಚು ಕಡಿಮೆ ಇಷ್ಟು, ಆದರೂ ಅವನು ಅದಕ್ಕೆ ಹೆದರುವುದಿಲ್ಲ, ಹಾಗಾಗಿ ಇದನ್ನು ಸೊನ್ನೆ ಅನ್ನಬಹುದು ಅಂತ. ಹೀಗೆ ಕತ್ತರಿಸಿದರೆ ಹದಿಮೂರು ಸಾಲು ಉಳಿಯುತ್ತವೆ, ಬೆಲೆ ಆರೂವರೆ. ಉತ್ತರ ಸರಿ ಇರುವ ಹಾಗೆ ಕಾಣುತ್ತದೆ, ಆದರೆ ಈ ದಾರಿ ನನಗೆ ಒಪ್ಪಿಗೆ ಇಲ್ಲ. ಲಾಟರಿಯ ಮೊದಲ ಬಹುಮಾನದ ಸಂಭವ ಇದಕ್ಕಿಂತ ಎಷ್ಟೋ ಕಡಿಮೆ, ಆದರೂ ಯಾರಿಗೋ ಬಂದೇ ಬರುತ್ತದೆ, ಲಾಟರಿ ನಡೆಸುವವನು ಆ ಬಹುಮಾನವನ್ನು ಸೊನ್ನೆ ಅಂತ ಬರೆದುಕೊಂಡರೆ ದಿವಾಳಿಯಾಗುತ್ತಾನೆ. ಜೇಬಿನ ಮಿತಿಯಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಸಣ್ಣ ಸಂಭವವನ್ನು ಯಾರೂ ಬಿಸಾಡುವುದಿಲ್ಲ, ಆ 76 ಪೈಸೆಯನ್ನು ನಾವು ಕೂಡಿಸಿಯೇ ಕೂಡಿಸಿದೆವು. ಕತ್ತರಿಸಿದ್ದು ಕೊಡಲಾಗದ ದುಡ್ಡನ್ನು ಮಾತ್ರ.

ಹಾಗಾದರೆ 1 ಲಕ್ಷದ ಆಸಾಮಿಗೆ 9 ರೂಪಾಯಿ 26 ಪೈಸೆ ಕೊಟ್ಟು ಆಡಬಹುದಾ? ನಾನಾದರೆ ಆಡುವುದಿಲ್ಲ. ಫೀಸು ಮೀರಿ ಬರಬೇಕಾದರೆ ಕನಿಷ್ಠ 16 ರೂಪಾಯಿ ಬರಬೇಕು, ಅಂದರೆ ಮೊದಲ ನಾಲ್ಕೂ ಟೇಲ್ ಆಗಬೇಕು, ಅದರ ಸಂಭವ 16ರಲ್ಲಿ 1. ಉಳಿದ 15 ಸಲ ನೀವು ಕಳೆದುಕೊಳ್ಳುತ್ತೀರಿ. ಕತ್ತರಿಸಿದ ಮೇಲೂ ಬಾಲ ಸಾಕಷ್ಟು ಉದ್ದ ಇದೆ: ಈ 9.26ರ ಸುತ್ತ ಒಂದು ಆಟದ ಏರಿಳಿತ (ಪ್ರಮಾಣಿತ ವಿಚಲನೆ ಅನ್ನುತ್ತಾರಲ್ಲ, ಅದು) ಸುಮಾರು 376 ರೂಪಾಯಿ. ಸರಾಸರಿ ಒಂದು ರೂಪಾಯಿ ಆಚೆ ಈಚೆಯಲ್ಲಿ ನಿಲ್ಲಬೇಕಾದರೆ 376ರ ವರ್ಗದಷ್ಟು, ಅಂದರೆ ಒಂದು ಲಕ್ಷಕ್ಕೂ ಮೀರಿ ಆಟ ಆಡಬೇಕು. ಒಂದು ಲಕ್ಷ ಆಟಕ್ಕೆ ಎರಡು ಲಕ್ಷ ಟಾಸ್, ಟಾಸ್‌ಗೆ ಐದು ಸೆಕೆಂಡ್ ಅಂದರೂ ಹನ್ನೊಂದೂವರೆ ದಿನ ಎಡೆಬಿಡದೆ. ಅದೂ ಪ್ರತಿ ಆಟಕ್ಕೂ ಅವನ ಜೇಬು ಮತ್ತೆ 1 ಲಕ್ಷ ತುಂಬಿರಬೇಕು. ಒಂದು ಸಂಜೆ ಹತ್ತಿಪ್ಪತ್ತು ಆಟ ಆಡಿ ಎದ್ದು ಹೋಗುವವನಿಗೆ ಕಾಣಿಸುವುದು ನಾಲ್ಕೈದು ಸಾಲು, ಅವನ ಮಟ್ಟಿಗೆ ಎರಡೂವರೆ ರೂಪಾಯಿಯೇ ಸರಿಯಾದ ಫೀಸು. 9.26 ಅನ್ನುವುದು ಮೇಲಿನ ಗಡಿ ಅಷ್ಟೆ.

ಒಂದು ಎಚ್ಚರಿಕೆ ಮಾತ್ರ ಉಳಿದಿದೆ, ಇದನ್ನು ಮರೆತು ನಾನೇ ಒಮ್ಮೆ ಗೆಳೆಯನ ಮುಂದೆ ಮುಖಭಂಗ ಮಾಡಿಕೊಂಡಿದ್ದೆ. ಮಿತಿ ಹಾಕಿದರೆ ಯಾವ ಆಟವಾದರೂ ಅಗ್ಗವಾಗುತ್ತದೆ ಅಂತ ನಾನು ಜೋರಾಗಿ ಹೇಳಿದ್ದೆ. ಅವನು ತಣ್ಣಗೆ ಕೇಳಿದ, "ಬಹುಮಾನ ದುಪ್ಪಟ್ಟು ಆಗೋ ಬದಲು ಪ್ರತಿ ಸಲ ವರ್ಗ ಆದರೆ ಏನು ಮಾಡ್ತೀಯಾ ಮಾರಾಯಾ?" ಮೊದಲ ಟಾಸ್‌ಗೆ 4, ಎರಡನೆಯದಕ್ಕೆ 16, ಮೂರನೆಯದಕ್ಕೆ 256, ನಾಲ್ಕನೆಯದಕ್ಕೆ 65,536. ಅದೇ 1 ಲಕ್ಷದ ಜೇಬು. ಸಾಲುಗಳು 2, 4, 32, 4096 ಅಂತ ತೂಗುತ್ತವೆ. ಐದನೆಯದರಿಂದ ಎಲ್ಲಾ ಮಿತಿಗೆ ಹೊಡೆಯುತ್ತವೆ, ಅಲ್ಲಿಗೆ ತಲುಪುವ ಸಂಭವ 16ರಲ್ಲಿ 1, ಹಾಗಾಗಿ ಬಾಲಕ್ಕೆ 6,250. ಒಟ್ಟು 10,384 ರೂಪಾಯಿ. ಬೆಲೆ ಅನಂತ ಅಲ್ಲ, ನಿಜ, ಆದರೆ ಅಗ್ಗವೂ ಅಲ್ಲ. ಜೇಬು 1 ಕೋಟಿಯಾದರೆ ಇದೇ ಆಟಕ್ಕೆ 6,29,134 ಆಗುತ್ತದೆ, ಯಾಕೆಂದರೆ ಸಾಲುಗಳು ಮೊದಲಿನ ನಾಲ್ಕೇ, ಬಾಲ ಮಾತ್ರ ಜೇಬಿನ ಹದಿನಾರನೇ ಒಂದು ಪಾಲಾಗಿ ಕೂತಿದೆ.

ಹಾಗಾಗಿ ಎರಡು ಕೆಲಸ ಬೇರೆ ಬೇರೆ. ಅನಂತವನ್ನು ಕಿತ್ತುಹಾಕುವುದು ಮಿತಿಯ ಕೆಲಸ, ಅದು ಯಾವ ಆಟಕ್ಕೂ ಆಗುತ್ತದೆ. ಫೀಸನ್ನು ಹತ್ತು ರೂಪಾಯಿಯ ಆಸುಪಾಸಿಗೆ ಇಳಿಸಿದ್ದು ದುಪ್ಪಟ್ಟಿನ ಏರಿಕೆ, ಬಹುಮಾನ ಮತ್ತು ಸಂಭವ ಒಂದಕ್ಕೊಂದು ಸರಿಯಾಗಿ ಹೊಡೆದುಹೋಗಿ ಸಾಲಿಗೆ ಎಂಟಾಣೆ ಮಾತ್ರ ಉಳಿಯುವುದರಿಂದ. ಗೆಳೆಯನ ಆಟದಲ್ಲಿ ಆ ಸಮತೋಲ ಇರಲಿಲ್ಲ. ಅವನು ನನ್ನನ್ನು ಕೇಳಿದ ಫೀಸು 500 ರೂಪಾಯಿ. ನಾನು ಕಾಗದ ಪೆನ್ನು ತೆಗೆದುಕೊಂಡು ಇನ್ನೇನು ಒಪ್ಪಬೇಕು ಅನ್ನುವಷ್ಟರಲ್ಲಿ ಅವನ ಪರ್ಸು ನೋಡಿದೆ, ಒಳಗೆ 740 ಇತ್ತು. 2, 4, 32, ಮತ್ತೆ ಮಿಕ್ಕ ಎಂಟನೇ ಒಂದು ಪಾಲಿಗೆ 740 ಅಂದರೆ 92 ರೂಪಾಯಿ 50 ಪೈಸೆ. ಒಟ್ಟು 130.50.

ಆಡಲಿಲ್ಲ. ಕಾಫಿ ಕುಡಿದು ಮನೆಗೆ ಬಂದೆವು, ಬಿಲ್ಲು ಅವನೇ ಕೊಟ್ಟ.